ಸಂಬಳವೋ ಡಿವಿಡೆಂಡೋ: ಸಣ್ಣ ಕಂಪನಿಯ ನಿರ್ದೇಶಕರ ಮುಂದಿರುವ ತೆರಿಗೆ ಲೆಕ್ಕ

2025ರ ಫೆಬ್ರವರಿ 1ರ ಬಜೆಟ್‌ನಲ್ಲಿ ‘12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ’ ಎಂಬ ಘೋಷಣೆ ಬಂದಾಗ ಸಂಬಳದಾರರಿಗೆ ಅದರ ಅರ್ಥ ಸುಲಭವಾಗಿ ತಿಳಿಯಿತು. ತಮ್ಮದೇ ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುವವರಿಗೆ ಮಾತ್ರ ಹೊಸ ಗೊಂದಲ ಶುರುವಾಯಿತು. ಕಂಪನಿಯಿಂದ ಮನೆಗೆ ಹಣ ತರಲು ಅವರಿಗೆ ಎರಡು ದಾರಿಗಳಿವೆ. ನಿರ್ದೇಶಕರಾಗಿ ಸಂಬಳ ಪಡೆಯಬಹುದು, ಷೇರುದಾರರಾಗಿ ಡಿವಿಡೆಂಡ್ ಪಡೆಯಬಹುದು. 12 ಲಕ್ಷದವರೆಗಿನ ರಿಬೇಟ್ ಡಿವಿಡೆಂಡಿಗೂ ಸಿಗುತ್ತದೆ ಎಂದು ಗೊತ್ತಾದ ಕೂಡಲೇ, ‘ಹಾಗಾದರೆ ಸಂಬಳದ ರಗಳೆಯೇ ಬೇಡ, ವರ್ಷಕ್ಕೊಮ್ಮೆ 12 ಲಕ್ಷ ಡಿವಿಡೆಂಡ್ ತೆಗೆದುಕೊಂಡರೆ ಸಾಕಲ್ಲ’ ಎಂಬ ಸಲಹೆ ಹರಿದಾಡತೊಡಗಿತು.

ಸಲಹೆಯ ಮೊದಲರ್ಧ ನಿಜ. ಷೇರು ಮಾರಿದ ಲಾಭಕ್ಕೆ ಇರುವಂತೆ ಡಿವಿಡೆಂಡಿಗೆ ಪ್ರತ್ಯೇಕ ದರವಿಲ್ಲ. ಅದು ಸಾಮಾನ್ಯ ಸ್ಲ್ಯಾಬ್‌ಗೇ ಸೇರುತ್ತದೆ, 87ಎ ರಿಬೇಟ್ ಕೂಡ ಅನ್ವಯಿಸುತ್ತದೆ. ಬೇರೆ ಆದಾಯವಿಲ್ಲದ ವ್ಯಕ್ತಿಗೆ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ಡಿವಿಡೆಂಡ್ ಬಂದರೆ ಅವರ ಕೈಯಿಂದ ತೆರಿಗೆ ಹೋಗುವುದಿಲ್ಲ. ಆದರೆ ಆ 12 ಲಕ್ಷ ಕಂಪನಿಯಿಂದ ಹೊರಡುವ ಮುಂಚೆಯೇ ಕಂಪನಿ ಅದರ ಮೇಲೆ ತೆರಿಗೆ ಕಟ್ಟಿರುತ್ತದೆ. ಸಲಹೆ ಕೊಡುವವರು ಬಿಟ್ಟುಬಿಡುವುದು ಇದನ್ನೇ. ಇಡೀ ನಿರ್ಧಾರ ನಿಂತಿರುವುದೂ ಇದರ ಮೇಲೆಯೇ.

ನೂರು ರೂಪಾಯಿ ನಡೆಯುವ ದಾರಿ

ಕಂಪನಿ 100 ರೂಪಾಯಿ ಲಾಭ ಮಾಡಿತು ಎನ್ನೋಣ. ಅದನ್ನು ನಿರ್ದೇಶಕರಿಗೆ ಸಂಬಳವಾಗಿ ಕೊಟ್ಟರೆ ಅದು ಕಂಪನಿಯ ಖರ್ಚು. ಬಾಡಿಗೆ, ಕರೆಂಟು ಬಿಲ್ಲಿನ ಹಾಗೆ ಲಾಭದಿಂದ ಕಳೆದುಹೋಗುತ್ತದೆ. ಆ ನೂರರ ಮೇಲೆ ಕಂಪನಿ ತೆರಿಗೆ ಕಟ್ಟುವುದಿಲ್ಲ. ತೆರಿಗೆ ಬೀಳುವುದು ನಿರ್ದೇಶಕರ ಕೈಯಲ್ಲಿ, ಒಂದೇ ಸಲ.

ಡಿವಿಡೆಂಡ್ ಹಾಗಲ್ಲ. ಅದು ಲಾಭದ ಹಂಚಿಕೆ, ಖರ್ಚು ಎನಿಸಿಕೊಳ್ಳುವುದಿಲ್ಲ. ಮೊದಲು ಕಂಪನಿ ತನ್ನ ತೆರಿಗೆ ಕಟ್ಟಬೇಕು, ಉಳಿದದ್ದನ್ನು ಹಂಚಬೇಕು. 115ಬಿಎಎ ಕಲಮಿನ ರಿಯಾಯಿತಿ ದರ ಆರಿಸಿಕೊಂಡ ಕಂಪನಿಗೆ ಮೂಲ ದರ ಶೇ 22. ಅದರ ಮೇಲೆ ಶೇ 10 ಸರ್‌ಚಾರ್ಜ್, ಆಮೇಲೆ ಶೇ 4 ಸೆಸ್ ಸೇರಿದರೆ ಒಟ್ಟು ಶೇ 25.168. ಈ ದರ ಆರಿಸಿಕೊಳ್ಳದ ಸಣ್ಣ ಕಂಪನಿಗೆ, ಆದಾಯ 1 ಕೋಟಿ ದಾಟದಿದ್ದರೆ, ಶೇ 25ರ ಮೇಲೆ ಸೆಸ್ ಸೇರಿ ಶೇ 26. ಅಂದರೆ ನೂರರಲ್ಲಿ ಸುಮಾರು 25 ರೂಪಾಯಿ ಮೊದಲೇ ಹೋಗಿ, ಹಂಚಲು ಉಳಿಯುವುದು 74 ರೂಪಾಯಿ 83 ಪೈಸೆ.

ಆ 74.83 ಷೇರುದಾರರ ಕೈಗೆ ಬಂದ ಮೇಲೆ ಅವರ ಸ್ಲ್ಯಾಬ್ ಪ್ರಕಾರ ಮತ್ತೆ ತೆರಿಗೆ. ಶೇ 30ರ ಸ್ಲ್ಯಾಬ್‌ನಲ್ಲಿರುವವರಿಗೆ ಸೆಸ್ ಸೇರಿ ಶೇ 31.2 ಹೋಗಿ ಕೊನೆಗೆ ಉಳಿಯುವುದು 51 ರೂಪಾಯಿ 48 ಪೈಸೆ. ಅದೇ ನೂರನ್ನು ಸಂಬಳವಾಗಿ ಪಡೆದಿದ್ದರೆ 68 ರೂಪಾಯಿ 80 ಪೈಸೆ ಉಳಿಯುತ್ತಿತ್ತು. ತೆರಿಗೆಯೇ ಬೀಳದ ಮಟ್ಟದಲ್ಲಿರುವವರಿಗೆ ಸಂಬಳವಾದರೆ ಪೂರಾ 100, ಡಿವಿಡೆಂಡಾದರೆ 74.83. ಸ್ಲ್ಯಾಬ್ ಯಾವುದೇ ಇರಲಿ, ಈ ವರ್ಷದ ಲಾಭವನ್ನು ಈ ವರ್ಷವೇ ಮನೆಗೆ ತರುವುದಾದರೆ ಸಂಬಳದ ದಾರಿಯೇ ಅಗ್ಗ.

ಒಂದು ಕಂಪನಿಯ ಲೆಕ್ಕ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಚಿಕ್ಕ ಕಂಪನಿಯನ್ನು ಉದಾಹರಣೆಗೆ ಊಹಿಸಿಕೊಳ್ಳೋಣ. ಅಕ್ಕ ಮತ್ತು ತಮ್ಮ ಇಬ್ಬರೇ ಷೇರುದಾರರು, ಇಬ್ಬರೂ ನಿರ್ದೇಶಕರು. ಅಕ್ಕನ ಹೆಸರಿನಲ್ಲಿ ಶೇ 90 ಷೇರು, ದಿನದ ಕೆಲಸವೆಲ್ಲ ಅವರದೇ. ತಮ್ಮ ಬೇರೆ ಕಡೆ ಉದ್ಯೋಗದಲ್ಲಿದ್ದಾರೆ, ಅವರದು ಶೇ 10. ಅಕ್ಕನ ಸಂಬಳ ಲೆಕ್ಕ ಹಾಕುವ ಮೊದಲು ಕಂಪನಿಯ ಲಾಭ 30 ಲಕ್ಷ. ಕಂಪನಿ ಶೇ 25.168ರ ದರದಲ್ಲಿದೆ. ಅಕ್ಕ ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ, ಅವರಿಗೆ ಬೇರೆ ಆದಾಯವಿಲ್ಲ.

ಮೊದಲ ಆಯ್ಕೆ, ಇಡೀ 30 ಲಕ್ಷವನ್ನು ಸಂಬಳವಾಗಿ ಪಡೆಯುವುದು. ಕಂಪನಿಯ ಲಾಭ ಸೊನ್ನೆ, ಅದರ ತೆರಿಗೆಯೂ ಸೊನ್ನೆ. ಸಂಬಳಕ್ಕೆ ಮಾತ್ರ ಸಿಗುವ 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ ಅಕ್ಕನ ತೆರಿಗೆಗೊಳಪಡುವ ಆದಾಯ 29.25 ಲಕ್ಷ. 24 ಲಕ್ಷದವರೆಗಿನ ಸ್ಲ್ಯಾಬ್‌ಗಳಿಗೆ 3 ಲಕ್ಷ, ಅದರ ಮೇಲಿನ 5.25 ಲಕ್ಷಕ್ಕೆ ಶೇ 30ರಂತೆ 1,57,500, ಸೆಸ್ ಸೇರಿ ಒಟ್ಟು 4,75,800 ರೂಪಾಯಿ. ಕೈಗೆ 25,24,200.

ಎರಡನೇ ಆಯ್ಕೆ, ಸಂಬಳವೇ ಇಲ್ಲದೆ ಎಲ್ಲವನ್ನೂ ಡಿವಿಡೆಂಡ್ ಆಗಿ ಹಂಚುವುದು. ಕಂಪನಿ ಮೊದಲು 7,55,040 ರೂಪಾಯಿ ತೆರಿಗೆ ಕಟ್ಟುತ್ತದೆ. ಉಳಿದ 22,44,960ರಲ್ಲಿ ಅಕ್ಕನ ಪಾಲು 20,20,464. ಅದರ ಮೇಲೆ ಅಕ್ಕನ ತೆರಿಗೆ ಸುಮಾರು 2,13,300. ಇಲ್ಲಿಗೇ ಒಟ್ಟು ತೆರಿಗೆ 9.68 ಲಕ್ಷ ದಾಟಿತು, ಅಂದರೆ ಮೊದಲ ಆಯ್ಕೆಯ ದುಪ್ಪಟ್ಟಿಗಿಂತ ಹೆಚ್ಚು. ತಮ್ಮನಿಗೆ ಹೋದ 2,24,496 ರೂಪಾಯಿಗೆ ಅವರ ಸ್ಲ್ಯಾಬ್‌ನ ತೆರಿಗೆ ಬೇರೆ.

ಮೂರನೇ ಆಯ್ಕೆ ಇವೆರಡಕ್ಕಿಂತ ಕುತೂಹಲದ್ದು. ಅಕ್ಕ 12.75 ಲಕ್ಷ ಮಾತ್ರ ಸಂಬಳ ಪಡೆದು, ಮಿಕ್ಕದ್ದನ್ನು ಕಂಪನಿಯಲ್ಲೇ ಬಿಡುತ್ತಾರೆ. 75,000 ಕಳೆದು ಆದಾಯ ಸರಿಯಾಗಿ 12 ಲಕ್ಷಕ್ಕೆ ನಿಲ್ಲುತ್ತದೆ, ರಿಬೇಟಿನಿಂದ ತೆರಿಗೆ ಸೊನ್ನೆಯಾಗುತ್ತದೆ. ಕಂಪನಿಯ ಲಾಭ 17.25 ಲಕ್ಷ, ಅದರ ತೆರಿಗೆ 4,34,148. ಕಂಪನಿಯಲ್ಲಿ ಉಳಿಯುವುದು 12,90,852.

ಮೂರರಲ್ಲಿ ಒಟ್ಟು ತೆರಿಗೆ ಕಡಿಮೆ ಬಿದ್ದದ್ದು ಈ ಮೂರನೆಯದರಲ್ಲಿ. ಆದರೆ ಮೊದಲನೆಯದಕ್ಕೂ ಇದಕ್ಕೂ ಇರುವ ಅಂತರ ಬರೀ 41,652 ರೂಪಾಯಿ. ಅಷ್ಟು ಉಳಿಸುವುದಕ್ಕೆ 12.9 ಲಕ್ಷ ರೂಪಾಯಿಯನ್ನು ಕಂಪನಿಯೊಳಗೇ ಬಿಡಬೇಕಾಯಿತು. ಅದನ್ನು ಮುಂದೆ ಹೊರತೆಗೆಯುವಾಗ ಸಾಮಾನ್ಯವಾಗಿ ಎರಡನೇ ತೆರಿಗೆ ಕಾದಿರುತ್ತದೆ. ಆದ್ದರಿಂದ ಕಂಪನಿಯಲ್ಲಿ ಹಣ ಬಿಡುವ ತೀರ್ಮಾನವನ್ನು ತೆರಿಗೆ ಉಳಿತಾಯದ ಆಸೆಗೆ ಮಾಡುವುದು ನಷ್ಟದ ಬಾಬತ್ತು. ಹೊಸ ಮಷೀನು ಕೊಳ್ಳಬೇಕಿದೆ, ಕಚ್ಚಾ ಮಾಲಿಗೆ ದುಡ್ಡು ಬೇಕು, ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಮಿತಿ ಏರಿಸಿಕೊಳ್ಳಲು ಬ್ಯಾಲೆನ್ಸ್ ಶೀಟ್‌ನಲ್ಲಿ ಲಾಭ ಕಾಣಬೇಕು ಎಂಬಂಥ ಕಾರಣಗಳಿದ್ದರೆ ಬಿಡಬೇಕು. ಮೊದಲ ಆಯ್ಕೆಯಲ್ಲಿ ಲಾಭ ಸೊನ್ನೆ ತೋರಿಸಿದ ಕಂಪನಿಗೆ ಬ್ಯಾಂಕ್ ಮ್ಯಾನೇಜರ್ ಸಾಲ ನವೀಕರಿಸುವಾಗ ನೂರೆಂಟು ಪ್ರಶ್ನೆ ಕೇಳುವುದು ಸಹಜ.

12.75 ಲಕ್ಷದ ಪಕ್ಕದಲ್ಲಿರುವ ಹಳ್ಳ

12.75 ಲಕ್ಷ ಸಂಬಳ ನಿಗದಿ ಮಾಡಿಕೊಂಡವರು ಹೆಚ್ಚಾಗಿ ಎಡವುವ ಜಾಗ ಒಂದಿದೆ. ಸಂಬಳದ ಜೊತೆಗೆ ಸ್ವಲ್ಪ ಡಿವಿಡೆಂಡ್ ಕೂಡ ಇರಲಿ ಎಂದು ವರ್ಷದ ಕೊನೆಯಲ್ಲಿ ಅಕ್ಕ 1 ಲಕ್ಷ ರೂಪಾಯಿ ಡಿವಿಡೆಂಡ್ ಪಡೆದರು ಎನ್ನೋಣ. ಸ್ಟ್ಯಾಂಡರ್ಡ್ ಡಿಡಕ್ಷನ್ ಸಂಬಳಕ್ಕೇ ಮುಗಿದಿದೆ. ಆದಾಯ 12 ಲಕ್ಷದಿಂದ 13 ಲಕ್ಷಕ್ಕೆ ಏರಿತು. 12 ಲಕ್ಷ ದಾಟಿದ ಕೂಡಲೇ ರಿಬೇಟ್ ಪೂರ್ತಿ ಕೈಬಿಡುತ್ತದೆ, ತೆರಿಗೆ ಮೊದಲ ಸ್ಲ್ಯಾಬ್‌ನಿಂದ ಲೆಕ್ಕವಾಗುತ್ತದೆ. 4ರಿಂದ 8 ಲಕ್ಷಕ್ಕೆ 20,000, 8ರಿಂದ 12 ಲಕ್ಷಕ್ಕೆ 40,000, ಕೊನೆಯ 1 ಲಕ್ಷಕ್ಕೆ 15,000. ಒಟ್ಟು 75,000, ಸೆಸ್ ಸೇರಿ 78,000.

1 ಲಕ್ಷ ಡಿವಿಡೆಂಡ್ ತಂದದ್ದಕ್ಕೆ 78,000 ತೆರಿಗೆ! ಅದಕ್ಕೂ ಮೊದಲು, ಆ 1 ಲಕ್ಷ ಕೊಡಲು ಕಂಪನಿ 1,33,633 ರೂಪಾಯಿ ಲಾಭ ಮಾಡಿ ಅದರ ಮೇಲೆ 33,633 ತೆರಿಗೆ ಕಟ್ಟಿದೆ. 1.33 ಲಕ್ಷದ ಲಾಭದಲ್ಲಿ ಅಕ್ಕನ ಮನೆ ತಲುಪಿದ್ದು 22,000 ರೂಪಾಯಿ.

12 ಲಕ್ಷವನ್ನು ಕೂದಲೆಳೆಯಷ್ಟು ದಾಟಿದವರಿಗೆ ಅನ್ಯಾಯವಾಗದಿರಲಿ ಎಂದು ಕಾನೂನಿನಲ್ಲಿ ಮಾರ್ಜಿನಲ್ ರಿಲೀಫ್ ಇದೆ. 12 ಲಕ್ಷದ ಮೇಲೆ ಎಷ್ಟು ಆದಾಯ ಹೆಚ್ಚಿದೆಯೋ ಅದಕ್ಕಿಂತ ಹೆಚ್ಚು ತೆರಿಗೆ ಬೀಳದಂತೆ ಅದು ತಡೆಯುತ್ತದೆ, ಸೆಸ್ ಬೇರೆ. ಅಂದರೆ ಸುಮಾರು 12,70,600 ರೂಪಾಯಿ ಆದಾಯದವರೆಗೆ ಹೆಚ್ಚಿಗೆ ಬಂದ ಪ್ರತಿ ರೂಪಾಯಿಯೂ ಪೂರ್ತಿ ತೆರಿಗೆಗೇ ಹೋಗುತ್ತದೆ. ಸಂಬಳದ ಲೆಕ್ಕದಲ್ಲಿ ಹೇಳುವುದಾದರೆ 12.75 ಲಕ್ಷದಿಂದ ಸುಮಾರು 13.46 ಲಕ್ಷದ ನಡುವೆ ಯಾರೂ ಸಂಬಳ ನಿಗದಿ ಮಾಡಬಾರದು. ಈ ಹಳ್ಳಕ್ಕೆ ಬೀಳಲು ಡಿವಿಡೆಂಡೇ ಬೇಕೆಂದಿಲ್ಲ. ಉಳಿತಾಯ ಖಾತೆಯ ಬಡ್ಡಿ, ಎಫ್‌ಡಿ ಬಡ್ಡಿ ಸಾಕು. ಬ್ಯಾಂಕ್ ಬಡ್ಡಿ ವರ್ಷಕ್ಕೆ 40,000 ಬರುತ್ತಿದ್ದರೆ ಸಂಬಳವನ್ನು ಅಷ್ಟು ಇಳಿಸಿ 12.35 ಲಕ್ಷಕ್ಕೆ ನಿಲ್ಲಿಸಬೇಕು. ಏಪ್ರಿಲ್‌ನಲ್ಲೇ ಈ ಲೆಕ್ಕ ಹಾಕಿದರೆ ಸುಲಭ, ಮಾರ್ಚ್‌ನಲ್ಲಿ ನೋಡಿದರೆ ಕಾಲ ಮಿಂಚಿರುತ್ತದೆ.

ಮನೆಗೆ ಇನ್ನೂ ಹೆಚ್ಚು ಹಣ ಬೇಕೆನ್ನುವವರು ಆ ಹಳ್ಳವನ್ನು ದಾಟಿ ನೇರವಾಗಿ 20 ಲಕ್ಷದ ಆಚೀಚೆ ಯೋಚಿಸುವುದು ಒಳ್ಳೆಯದು. 16ರಿಂದ 20 ಲಕ್ಷದ ಸ್ಲ್ಯಾಬ್‌ಗೆ ದರ ಸೆಸ್ ಸೇರಿ ಶೇ 20.8, ಕಂಪನಿಯ ದರಕ್ಕಿಂತ ಕಡಿಮೆ. 20 ಲಕ್ಷದ ಮೇಲೆ ಅದು ಶೇ 26, 24 ಲಕ್ಷದ ಮೇಲೆ ಶೇ 31.2. ಹೀಗಾಗಿ 20.75 ಲಕ್ಷದವರೆಗಿನ ಸಂಬಳದಲ್ಲಿ ಅಕ್ಕನ ಮನೆಗೂ ಕಂಪನಿಗೂ ಒಟ್ಟು ಹೊರೆ ಹೆಚ್ಚು ಕಡಿಮೆ ಮೂರನೇ ಆಯ್ಕೆಯಷ್ಟೇ ಇರುತ್ತದೆ. ಲೆಕ್ಕ ಹಾಕಿದರೆ 4,40,804. ಮೂರನೇ ಆಯ್ಕೆಗಿಂತ 6,656 ರೂಪಾಯಿ ಮಾತ್ರ ಹೆಚ್ಚು. ಆದರೆ ತೆರಿಗೆ ಕಳೆದು ಕೈಗೆ ಬರುವುದು 18,67,000. ನಿಜವಾಗಿ ಹಣ ಬೇಕಿರುವವರಿಗೆ ಇದು ಮೂರನೆಯದಕ್ಕಿಂತ ಸ್ಪಷ್ಟವಾಗಿ ಮೇಲು. 24.75 ಲಕ್ಷದ ಆಚೆಗೆ ಸಂಬಳ ಏರಿಸುವ ಮುನ್ನ ಮಾತ್ರ ಆ ದುಡ್ಡು ಈಗಲೇ ಬೇಕೇ ಎಂದು ಎರಡು ಸಲ ಕೇಳಿಕೊಳ್ಳಬೇಕು.

ಡಿವಿಡೆಂಡೇ ಮೇಲು ಎಂಬ ಮಾತು ಎಲ್ಲಿಂದ ಬಂತು

ಈ ನಂಬಿಕೆಗೆ ಎರಡು ಬೇರುಗಳಿವೆ. ಮೊದಲನೆಯದು ಹಳೆಯ ಕಾನೂನು. 2020ರ ಮಾರ್ಚ್ 31ರವರೆಗೆ ಡಿವಿಡೆಂಡ್ ಮೇಲೆ ಕಂಪನಿಯೇ ಡಿವಿಡೆಂಡ್ ವಿತರಣಾ ತೆರಿಗೆ ಕಟ್ಟುತ್ತಿತ್ತು, ಅದು ಎಲ್ಲ ಸೇರಿ ಶೇ 20.56 ಆಗುತ್ತಿತ್ತು. ಷೇರುದಾರರ ಕೈಯಲ್ಲಿ 10 ಲಕ್ಷದವರೆಗೆ ತೆರಿಗೆ ಇರಲಿಲ್ಲ. ಹಣ ಕೈಗೆ ಬಂದಾಗ ‘ತೆರಿಗೆ ಮುಕ್ತ’ ಎಂದು ರಿಟರ್ನ್‌ನಲ್ಲಿ ಬರೆಯುವ ಅಭ್ಯಾಸ ಆಗ ಬೆಳೆದದ್ದು. 2020ರ ಹಣಕಾಸು ಕಾಯಿದೆ ಆ ತೆರಿಗೆಯನ್ನು ರದ್ದು ಮಾಡಿ, ಹೊರೆಯನ್ನು ಷೇರುದಾರರ ಸ್ಲ್ಯಾಬ್‌ಗೆ ವರ್ಗಾಯಿಸಿತು. ಅಭ್ಯಾಸ ಉಳಿದುಕೊಂಡಿದೆ, ಕಾನೂನು ಉಳಿದಿಲ್ಲ.

ಎರಡನೆಯ ಬೇರು ಬ್ರಿಟನ್. ಅಲ್ಲಿ ಸ್ವಂತ ಲಿಮಿಟೆಡ್ ಕಂಪನಿ ಮಾಡಿಕೊಂಡು ಕೆಲಸ ಮಾಡುವ ಕನ್ನಡಿಗ ಐಟಿ ಕನ್ಸಲ್ಟೆಂಟರಿಗೆ ಅವರ ಅಕೌಂಟೆಂಟ್ ಹೇಳುವುದು ಸಣ್ಣ ಸಂಬಳ, ದೊಡ್ಡ ಡಿವಿಡೆಂಡ್ ಎಂಬ ಸೂತ್ರ. ಅಲ್ಲಿ ಅದಕ್ಕೆ ಆಧಾರವಿದೆ. ಸಂಬಳದ ಮೇಲೆ ನ್ಯಾಷನಲ್ ಇನ್ಶೂರೆನ್ಸ್ ಎಂಬ ವಂತಿಗೆ ಇದೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 5,000 ಪೌಂಡ್ ಮೀರಿದ ಸಂಬಳಕ್ಕೆ ಕಂಪನಿಯೇ ಶೇ 15 ಕಟ್ಟಬೇಕು, ನೌಕರರ ಪಾಲು ಬೇರೆ. ಡಿವಿಡೆಂಡಿಗೆ ಆ ವಂತಿಗೆ ಇಲ್ಲ, ಅದರ ಆದಾಯ ತೆರಿಗೆ ದರವೂ ಸಂಬಳದ ದರಕ್ಕಿಂತ ಕಡಿಮೆ. 50,000 ಪೌಂಡ್‌ವರೆಗಿನ ಲಾಭಕ್ಕೆ ಕಂಪನಿ ತೆರಿಗೆ ಶೇ 19. ಇವೆಲ್ಲ ಸೇರಿ ಅಲ್ಲಿ ಡಿವಿಡೆಂಡ್ ಗೆಲ್ಲುತ್ತದೆ.

ಭಾರತದಲ್ಲಿ ಈ ಮೂರರಲ್ಲಿ ಒಂದೂ ಇಲ್ಲ. ಸಂಬಳದ ಮೇಲೆ ಅಂಥ ವಂತಿಗೆ ಇಲ್ಲ, ಪಿಎಫ್ ಕಡಿತವಿದ್ದರೂ ಅದು ಸೇರುವುದು ನಮ್ಮದೇ ಖಾತೆಗೆ. ಡಿವಿಡೆಂಡಿಗೆ ಕಡಿಮೆ ದರವಿಲ್ಲ. ಕಂಪನಿ ತೆರಿಗೆ ಶೇ 19 ಅಲ್ಲ, ಸುಮಾರು ಶೇ 25, ಅದನ್ನು ಕಟ್ಟಿದ್ದಕ್ಕೆ ಷೇರುದಾರರಿಗೆ ಯಾವ ವಿನಾಯಿತಿಯೂ ಸಿಗುವುದಿಲ್ಲ. ಕರ್ನಾಟಕದಲ್ಲಿ ಸಂಬಳದ ಮೇಲೆ ಹೆಚ್ಚಿಗೆ ಬೀಳುವುದು ವರ್ಷಕ್ಕೆ 2,500 ರೂಪಾಯಿ ವೃತ್ತಿ ತೆರಿಗೆ, ತಿಂಗಳಿಗೆ 200, ಫೆಬ್ರವರಿಯಲ್ಲಿ 300.

ಡಿವಿಡೆಂಡ್ ಸರಿಯಾಗುವ ಸಂದರ್ಭ

ಹಾಗೆಂದು ಡಿವಿಡೆಂಡನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಉದಾಹರಣೆಯ ತಮ್ಮನನ್ನೇ ನೋಡಿ. ಅವರು ಕಂಪನಿಯಲ್ಲಿ ಕೆಲಸ ಮಾಡುವುದಿಲ್ಲ. ಅವರಿಗೆ ಸಂಬಳ ತೋರಿಸಿದರೆ, ಮಾಡದ ಕೆಲಸಕ್ಕೆ ಕೊಟ್ಟ ಹಣವೆಂದು 40ಎ(2) ಕಲಮಿನಡಿ ಆದಾಯ ತೆರಿಗೆ ಅಧಿಕಾರಿ ಆ ಖರ್ಚನ್ನು ತಳ್ಳಿಹಾಕಬಹುದು. ಬಂಡವಾಳ ಹಾಕಿದ್ದಕ್ಕೆ ಅವರಿಗೆ ಪ್ರತಿಫಲ ಸಿಗಬೇಕಾದರೆ ಡಿವಿಡೆಂಡೇ ದಾರಿ.

ಇನ್ನೊಂದು ಸಂದರ್ಭ, ಹಿಂದಿನ ವರ್ಷಗಳಲ್ಲಿ ತೆರಿಗೆ ಕಟ್ಟಿ ಕಂಪನಿಯಲ್ಲಿ ಕೂಡಿಟ್ಟ ಲಾಭ. ಅದರ ಮೇಲಿನ ಕಂಪನಿ ತೆರಿಗೆ ಆಗಲೇ ಹೋಗಿದೆ, ಮತ್ತೆ ಸಂಬಳ ಮಾಡಿ ಅದನ್ನು ವಾಪಸು ಪಡೆಯಲಾಗದು. ಅಕ್ಕ ಮುಂದೊಂದು ವರ್ಷ ಕೆಲಸದಿಂದ ಬಿಡುವು ಪಡೆದು ಸಂಬಳ ನಿಲ್ಲಿಸಿದರು ಎನ್ನೋಣ. ಉಳಿದಿದ್ದ 12,90,852ನ್ನು ಆ ವರ್ಷ ಡಿವಿಡೆಂಡ್ ಆಗಿ ಘೋಷಿಸಿದರೆ ಅಕ್ಕನ ಪಾಲು 11,61,767. ಬೇರೆ ಆದಾಯವಿಲ್ಲದಿದ್ದರೆ ರಿಬೇಟಿನಿಂದ ತೆರಿಗೆ ಸೊನ್ನೆ. ಕಂಪನಿ ಅದರಲ್ಲಿ ಶೇ 10 ಟಿಡಿಎಸ್ ಹಿಡಿದಿರುತ್ತದೆ, ರಿಟರ್ನ್ ಸಲ್ಲಿಸಿದ ಮೇಲೆ ಅದು ವಾಪಸು ಬರುತ್ತದೆ. ಸಂಬಳವಿಲ್ಲದ ವರ್ಷಕ್ಕೆ ಡಿವಿಡೆಂಡನ್ನು ಕಾದಿರಿಸುವುದರಲ್ಲಿ ಅರ್ಥವಿದೆ ಎನ್ನುವುದು ಇದಕ್ಕೇ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಡಿವಿಡೆಂಡನ್ನು ಇಬ್ಬರಿಗೆ ಹಂಚಿ ಎರಡು ರಿಬೇಟ್ ಪಡೆಯೋಣ ಎಂದು ಗಂಡ ತನ್ನ ಷೇರುಗಳಲ್ಲಿ ಅರ್ಧವನ್ನು ಹೆಂಡತಿಯ ಹೆಸರಿಗೆ ಉಡುಗೊರೆಯಾಗಿ ಬರೆದುಕೊಡುವುದು ತೀರಾ ಸಾಮಾನ್ಯ. 64ನೇ ಕಲಂ ಪ್ರಕಾರ ಹಾಗೆ ಕೊಟ್ಟ ಷೇರುಗಳ ಡಿವಿಡೆಂಡ್ ಮತ್ತೆ ಗಂಡನ ಆದಾಯಕ್ಕೇ ಸೇರುತ್ತದೆ. ಹೆಂಡತಿ ತನ್ನ ಸ್ವಂತ ಹಣದಿಂದ, ತನ್ನ ಖಾತೆಯಿಂದಲೇ ಷೇರು ಕೊಂಡಿದ್ದರೆ ಮಾತ್ರ ಅದು ಅವರ ಆದಾಯ. ಸಂಬಳಕ್ಕೂ ಇಂಥದ್ದೇ ನಿಯಮ ಇದೆ. ಗಂಡನಿಗೆ ಕಂಪನಿಯಲ್ಲಿ ಶೇ 20 ಅಥವಾ ಹೆಚ್ಚು ಪಾಲಿದ್ದು, ಹೆಂಡತಿಗೆ ಅಲ್ಲಿಂದ ಸಂಬಳ ಬರುತ್ತಿದ್ದರೆ, ಆಕೆಯ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆಯಿಂದ ಗಳಿಸಿದ್ದು ಎಂದು ತೋರಿಸಲಾಗದಿದ್ದರೆ ಅದೂ ಗಂಡನ ಲೆಕ್ಕಕ್ಕೇ. ಪದವಿ, ಅನುಭವ, ಆಕೆ ಮಾಡಿದ ಕೆಲಸದ ದಾಖಲೆ ಇವನ್ನು ಮೊದಲೇ ಕಡತದಲ್ಲಿಟ್ಟುಕೊಂಡವರಿಗೆ ತೊಂದರೆ ಇಲ್ಲ.

ಡಿವಿಡೆಂಡ್ ಕೊಡುವ ವಿಧಾನವೂ ಸಂಬಳದಷ್ಟು ಸಲೀಸಲ್ಲ. ಸವಕಳಿ ಕಳೆದು, ಹಿಂದಿನ ನಷ್ಟ ತುಂಬಿಸಿ ಉಳಿದ ಲಾಭದಿಂದ ಮಾತ್ರ ಕೊಡಬಹುದು. ಒಂದೇ ಬಗೆಯ ಷೇರುಗಳಿಗೆಲ್ಲ ಒಂದೇ ದರ, ಅಕ್ಕನಿಗೆ ಹೆಚ್ಚು ತಮ್ಮನಿಗೆ ಕಡಿಮೆ ಎಂದು ಮಾಡುವಂತಿಲ್ಲ. ಅಂತಿಮ ಡಿವಿಡೆಂಡನ್ನು ಬೋರ್ಡ್ ಶಿಫಾರಸು ಮಾಡಿ ವಾರ್ಷಿಕ ಸಾಮಾನ್ಯ ಸಭೆ ಘೋಷಿಸಬೇಕು, ಮಧ್ಯಂತರದ್ದನ್ನು ಬೋರ್ಡೇ ಘೋಷಿಸಬಹುದು. ಘೋಷಿಸಿದ 5 ದಿನದೊಳಗೆ ಆ ಮೊತ್ತವನ್ನು ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಬೇಕು, 30 ದಿನದೊಳಗೆ ಪಾವತಿಸಬೇಕು. ವರ್ಷಕ್ಕೆ 10,000 ರೂಪಾಯಿ ಮೀರಿದರೆ ಶೇ 10 ಟಿಡಿಎಸ್.

ಸಂಬಳ ಸಂಬಳವಾಗಿಯೇ ನಿಲ್ಲಬೇಕಾದರೆ

ಸಂಬಳದ ಲಾಭವೆಲ್ಲ ಅದು ಕಂಪನಿಯ ಖರ್ಚಾಗಿ ಒಪ್ಪಿತವಾದರೆ ಮಾತ್ರ. ಪ್ರೈವೇಟ್ ಕಂಪನಿಯ ನಿರ್ದೇಶಕರ ಸಂಬಳಕ್ಕೆ ಕಂಪನಿ ಕಾಯಿದೆಯಲ್ಲಿ ಗರಿಷ್ಠ ಮಿತಿ ಇಲ್ಲ, ಲಾಭದ ಶೇ 11ರ ಮಿತಿ ಇರುವುದು ಪಬ್ಲಿಕ್ ಕಂಪನಿಗಳಿಗೆ. ಆದರೆ ಆದಾಯ ತೆರಿಗೆ ಅಧಿಕಾರಿಯ ಪ್ರಶ್ನೆ ಬೇರೆಯೇ ಇರುತ್ತದೆ: ಇದು ಕೆಲಸಕ್ಕೆ ಕೊಟ್ಟ ಹಣವೋ, ಡಿವಿಡೆಂಡಿಗೆ ಹಾಕಿದ ವೇಷವೋ?

36(1)(ii) ಕಲಂ ಇದನ್ನು ನೇರವಾಗಿ ಹೇಳುತ್ತದೆ. ನೌಕರರಿಗೆ ಕೊಟ್ಟ ಬೋನಸ್ ಅಥವಾ ಕಮಿಷನ್, ಹಾಗೆ ಕೊಡದಿದ್ದರೆ ಲಾಭವಾಗಿಯೋ ಡಿವಿಡೆಂಡ್ ಆಗಿಯೋ ಅವರಿಗೇ ಸಲ್ಲುತ್ತಿತ್ತು ಎಂದಾದರೆ, ಅದು ಖರ್ಚಲ್ಲ. 2011ರಲ್ಲಿ ದಲಾಲ್ ಬ್ರೋಚಾ ಸ್ಟಾಕ್ ಬ್ರೋಕಿಂಗ್ ಪ್ರಕರಣದಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮುಂಬಯಿ ವಿಶೇಷ ಪೀಠ ಷೇರುದಾರ ನಿರ್ದೇಶಕರಿಗೆ ಕೊಟ್ಟ ಕಮಿಷನ್ನನ್ನು ಇದೇ ಕಾರಣಕ್ಕೆ ಒಪ್ಪಲಿಲ್ಲ. ಕಂಪನಿ ಡಿವಿಡೆಂಡ್ ಕೊಟ್ಟಿರಲಿಲ್ಲ, ಕಮಿಷನ್ನಿಗೆ ತಕ್ಕ ಹೆಚ್ಚಿನ ಸೇವೆ ತೋರಿಸಲಾಗಲಿಲ್ಲ. ಅದೇ ವರ್ಷ ಎಎಂಡಿ ಮೆಟ್‌ಪ್ಲಾಸ್ಟ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ಬೋರ್ಡ್ ನಿರ್ಣಯದ ಪ್ರಕಾರ ಸೇವೆಗಾಗಿ ವ್ಯವಸ್ಥಾಪಕ ನಿರ್ದೇಶಕರಿಗೆ ಕೊಟ್ಟ ಕಮಿಷನ್ನನ್ನು ಖರ್ಚೆಂದು ಒಪ್ಪಿತು. ಎರಡನ್ನೂ ಜೊತೆಗಿಟ್ಟು ಓದಿದರೆ, ಸೇವೆ ಇತ್ತು ಎಂದು ಕಾಗದದಲ್ಲಿ ತೋರಿಸಬಲ್ಲವರು ಗೆಲ್ಲುತ್ತಾರೆ ಎಂಬುದು ಕಾಣುತ್ತದೆ.

ಸಾಮಾನ್ಯವಾಗಿ ತಪ್ಪಾಗುವುದು ಹೀಗೆ. ವರ್ಷವಿಡೀ ಸಂಬಳ ಇರುವುದಿಲ್ಲ, ಬೇಕಾದಾಗ ಕಂಪನಿ ಖಾತೆಯಿಂದ ಹಣ ತೆಗೆಯುತ್ತಾರೆ. ಮಾರ್ಚ್ ಕೊನೆಗೆ ಲಾಭ ಇಷ್ಟು ಎಂದು ಗೊತ್ತಾದ ಮೇಲೆ, ತೆಗೆದದ್ದನ್ನೆಲ್ಲ ಒಂದೇ ಜರ್ನಲ್ ಎಂಟ್ರಿಯಲ್ಲಿ ‘ನಿರ್ದೇಶಕರ ಸಂಬಳ’ ಎಂದು ಬರೆಯುತ್ತಾರೆ. ಬೋರ್ಡ್ ನಿರ್ಣಯ ಹಿಂದಿನ ದಿನಾಂಕದ್ದು, ಟಿಡಿಎಸ್ ಕಟ್ಟಿಲ್ಲ. ಇಬ್ಬರು ನಿರ್ದೇಶಕರ ಮೊತ್ತ ಅವರ ಷೇರಿನ ಪ್ರಮಾಣಕ್ಕೆ ಸರಿಯಾಗಿ 90:10 ಇದ್ದರಂತೂ ಅಧಿಕಾರಿಗೆ ಬೇರೆ ಸಾಕ್ಷಿಯೇ ಬೇಡ.

ಇದನ್ನು ತಪ್ಪಿಸುವ ಕ್ರಮ ಸರಳ. ಏಪ್ರಿಲ್‌ನಲ್ಲಿ ಬೋರ್ಡ್ ನಿರ್ಣಯ ಮಾಡಿ ಹುದ್ದೆ, ಜವಾಬ್ದಾರಿ, ತಿಂಗಳ ಮೊತ್ತ ಬರೆಯಬೇಕು. ತಿಂಗಳು ತಿಂಗಳು ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಹೋಗಬೇಕು. ಟಿಡಿಎಸ್ ಬರುವಂತಿದ್ದರೆ ಮುಂದಿನ ತಿಂಗಳ 7ರೊಳಗೆ, ಮಾರ್ಚ್‌ನದ್ದನ್ನು ಏಪ್ರಿಲ್ 30ರೊಳಗೆ ಕಟ್ಟಬೇಕು, ತ್ರೈಮಾಸಿಕ ರಿಟರ್ನ್ ಸಲ್ಲಿಸಬೇಕು. ಪುಸ್ತಕದಲ್ಲಿ ಅದನ್ನು ‘ಸಂಬಳ’ ಎಂದೇ ಕರೆಯಬೇಕು. ‘ನಿರ್ದೇಶಕರ ಶುಲ್ಕ’ ಎಂದು ಬರೆದರೆ ಅದು ಸಂಬಳವಲ್ಲದೆ ಶೇ 10 ಟಿಡಿಎಸ್‌ಗೆ ಒಳಪಡುತ್ತದೆ, ಜೊತೆಗೆ ಕಂಪನಿಯೇ ರಿವರ್ಸ್ ಚಾರ್ಜ್‌ನಲ್ಲಿ ಶೇ 18 ಜಿಎಸ್‌ಟಿ ಕಟ್ಟಬೇಕಾಗುತ್ತದೆ. ನೌಕರಿಯ ಸಂಬಳಕ್ಕೆ ಜಿಎಸ್‌ಟಿ ಇಲ್ಲ ಎಂದು 2020ರ ಜೂನ್ 10ರ ಸುತ್ತೋಲೆ ಸ್ಪಷ್ಟಪಡಿಸಿದೆ. ಒಂದು ಪದದ ವ್ಯತ್ಯಾಸ, ಖರ್ಚು ಮಾತ್ರ ದೊಡ್ಡದು.

ಸಾಲದ ಹೆಸರಿನ ಮೂರನೇ ದಾರಿ

ಸಂಬಳವೂ ಬೇಡ, ಡಿವಿಡೆಂಡೂ ಬೇಡ, ಕಂಪನಿಯಿಂದ ಸಾಲ ಪಡೆದರಾಯಿತು ಎನ್ನುವವರಿಗೆ 2(22)(ಇ) ಕಲಂ ಎದುರಾಗುತ್ತದೆ. ಶೇ 10 ಅಥವಾ ಹೆಚ್ಚು ಮತಾಧಿಕಾರವಿರುವ ಷೇರುದಾರರಿಗೆ ಇಂಥ ಕಂಪನಿ ಸಾಲ ಅಥವಾ ಮುಂಗಡ ಕೊಟ್ಟರೆ, ಕಂಪನಿಯಲ್ಲಿ ಕೂಡಿದ ಲಾಭದ ಮಟ್ಟಿಗೆ ಅದನ್ನು ಡಿವಿಡೆಂಡ್ ಎಂದೇ ಪರಿಗಣಿಸಲಾಗುತ್ತದೆ. ಉದಾಹರಣೆಯ ಕಂಪನಿಯಲ್ಲಿ 12.9 ಲಕ್ಷ ಲಾಭ ಉಳಿದಿದೆ. 12.75 ಲಕ್ಷ ಸಂಬಳ ಪಡೆಯುವ ಅಕ್ಕ ಮಗಳ ಕಾಲೇಜು ಶುಲ್ಕಕ್ಕೆ 5 ಲಕ್ಷ ಮುಂಗಡ ತೆಗೆದರೆ, ಅವರ ಆದಾಯ 17 ಲಕ್ಷವಾಗುತ್ತದೆ, ಸೆಸ್ ಸೇರಿ ತೆರಿಗೆ 1,45,600. ಸೊನ್ನೆ ಇದ್ದ ಜಾಗದಲ್ಲಿ.

ಮಾರ್ಚ್ 31ರೊಳಗೆ ಸಾಲ ತೀರಿಸಿಬಿಟ್ಟರೆ ಸರಿ ಎಂಬ ನಂಬಿಕೆ ಗಟ್ಟಿಯಾಗಿದೆ. ಅದು ತಪ್ಪೆಂದು ಸುಪ್ರೀಂ ಕೋರ್ಟ್ 1977ರಷ್ಟು ಹಿಂದೆಯೇ ತರುಲತಾ ಶ್ಯಾಮ್ ಪ್ರಕರಣದಲ್ಲಿ ಹೇಳಿದೆ. ಸಾಲ ಕೊಟ್ಟ ಕ್ಷಣದಲ್ಲೇ ತೆರಿಗೆ ಹುಟ್ಟುತ್ತದೆ, ವಾಪಸು ಕೊಟ್ಟರೂ ಅಳಿಯುವುದಿಲ್ಲ. ಇದರ ಮೇಲೆ ಕಂಪನಿ ಕಾಯಿದೆಯ 185ನೇ ಕಲಂ ನಿರ್ದೇಶಕರಿಗೆ ಸಾಲ ಕೊಡುವುದನ್ನೇ ನಿರ್ಬಂಧಿಸುತ್ತದೆ, ಪ್ರೈವೇಟ್ ಕಂಪನಿಗಳಿಗೆ ಕೆಲವು ಷರತ್ತುಗಳ ಮೇಲೆ ಮಾತ್ರ ಸಡಿಲಿಕೆ ಇದೆ. ತಮ್ಮ ಕಂಪನಿಯಲ್ಲಿ ಈ ತೊಂದರೆ ಇದೆಯೇ ಎಂದು ತಿಳಿಯಲು ಲೆಡ್ಜರಿನಲ್ಲಿ ನಿರ್ದೇಶಕರ ಹೆಸರಿನ ಖಾತೆ ತೆರೆದು ನೋಡಿದರೆ ಸಾಕು. ವರ್ಷದ ಯಾವುದೇ ದಿನ ಅದು ಡೆಬಿಟ್ ಬಾಕಿ ತೋರಿಸಿದ್ದರೆ ಅದೇ ಸಾಲ. ಕಂಪನಿಗೆ ನಿರ್ದೇಶಕರು ಮೊದಲೇ ಕೊಟ್ಟ ಸಾಲವಿದ್ದು, ಅದನ್ನು ವಾಪಸು ಪಡೆಯುತ್ತಿದ್ದರೆ ಬಾಕಿ ಕ್ರೆಡಿಟ್ ಬದಿಯಲ್ಲೇ ಉಳಿಯುತ್ತದೆ, ಅದಕ್ಕೆ ತೆರಿಗೆ ಇಲ್ಲ.

ಮೇಲಿನ ಕಲಂ ಸಂಖ್ಯೆಗಳೆಲ್ಲ 1961ರ ಆದಾಯ ತೆರಿಗೆ ಕಾಯಿದೆಯವು, ಲೆಕ್ಕಗಳು 2025–26ರ ಸ್ಲ್ಯಾಬ್ ಪ್ರಕಾರ. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಆದಾಯ ತೆರಿಗೆ ಕಾಯಿದೆಯಲ್ಲಿ ಸಂಖ್ಯೆಗಳು ಬದಲಾಗಿವೆ. ಆದರೆ ಸಂಬಳ ಖರ್ಚು, ಡಿವಿಡೆಂಡ್ ಲಾಭದ ಹಂಚಿಕೆ ಎಂಬ ವ್ಯತ್ಯಾಸ ಅಲ್ಲಿಯೂ ಹಾಗೆಯೇ ಇದೆ. 2026ರ ಏಪ್ರಿಲ್‌ಗೂ ಮೊದಲು ತೆಗೆದ ಮುಂಗಡಗಳ ವಿಚಾರಣೆ ಹಳೆಯ ಕಾಯಿದೆಯಡಿಯೇ ನಡೆಯುವುದರಿಂದ, ಹಳೆಯ ಲೆಡ್ಜರುಗಳನ್ನು ಆಡಿಟರ್ ಜೊತೆ ಕೂತು ಈಗಲೇ ಒಮ್ಮೆ ತಿರುವಿ ಹಾಕಬೇಕಿದೆ.